ಕ್ಯಾಶಿನ ಬಾಗಿಲಲ್ಲಿ ನೂಕುನುಗ್ಗಲು

ಒಂದು ಸುದ್ದಿತಾಣದ ಮುಖಪುಟವನ್ನು ಸೆಕೆಂಡಿಗೆ 1000 ಮಂದಿ ಕೋರುತ್ತಿರುವರೆಂದು ಭಾವಿಸೋಣ. ಪುಟಕ್ಕೆ ಬೇಕಾದ ಸುದ್ದಿಪಟ್ಟಿಯನ್ನು ಡೇಟಾಬೇಸಿನಿಂದ ಆಯ್ದು ಜೋಡಿಸಲು 2 ಸೆಕೆಂಡು ಹಿಡಿಯುತ್ತದೆ. ಪ್ರತಿಯೊಬ್ಬರಿಗಾಗಿಯೂ ಈ ಕೆಲಸವನ್ನು ಹೊಸದಾಗಿ ಮಾಡುವುದು ಅಸಾಧ್ಯ. ಆದಕಾರಣ ಒಮ್ಮೆ ಸಿದ್ಧವಾದ ಪಟ್ಟಿಯನ್ನು ಕ್ಯಾಶ್ ಎಂಬ ವೇಗದ ತಾತ್ಕಾಲಿಕ ಸಂಗ್ರಹದಲ್ಲಿ ಒಂದು ಹೆಸರಿನಡಿ ಇರಿಸಿ, ಅದಕ್ಕೆ 60 ಸೆಕೆಂಡುಗಳ ಆಯುಸ್ಸನ್ನು ಗೊತ್ತುಪಡಿಸುತ್ತಾರೆ. ಆ ಹೆಸರಿಗೆ ‘ಕೀ’ ಎನ್ನುವರು.

ಆಯುಸ್ಸು ತೀರಿದೊಡನೆ ಪಟ್ಟಿ ಮಾಯವಾಗುತ್ತದೆ. ಆಗ ಬಂದ ಮೊದಲನೆಯ ಕೋರಿಕೆ ಡೇಟಾಬೇಸಿಗೆ ಹೋಗುತ್ತದೆ. ಅದಕ್ಕೆ ಉತ್ತರ ದೊರೆಯುವ 2 ಸೆಕೆಂಡುಗಳೊಳಗೆ ಸುಮಾರು 2000 ಕೋರಿಕೆಗಳು ಬಂದು, ಸಂಗ್ರಹ ಬರಿದಾಗಿರುವುದನ್ನು ಕಂಡು, ಅದೇ ಪ್ರಶ್ನೆಯನ್ನು ಹೊತ್ತು ಅಲ್ಲಿಗೇ ನುಗ್ಗುತ್ತವೆ. ಭಾರದಿಂದ ಡೇಟಾಬೇಸು ನಿಧಾನವಾಗುತ್ತದೆ. ನಿಧಾನವಾದಷ್ಟೂ ನುಗ್ಗುವವರ ಸಂಖ್ಯೆ ಬೆಳೆಯುತ್ತದೆ. ಡೇಟಾಬೇಸಿನ ಕೆಲಸದ ನಕ್ಷೆಯಲ್ಲಿ ನಿಮಿಷಕ್ಕೊಮ್ಮೆ ಚೂಪಾದ ಶಿಖರವೆದ್ದು, ಅಲ್ಲೆಲ್ಲ ಒಂದೇ ಪ್ರಶ್ನೆ ಕಂಡುಬಂದರೆ ರೋಗ ಇದೇ ಎಂದು ತಿಳಿಯಬಹುದು.

ಪರಿಹಾರವೇನು? ಒಬ್ಬನು ಮಾತ್ರ ಒಳಹೋಗಬೇಕು. ರೆಡಿಸ್ ಎಂಬ ಸಂಗ್ರಹದಲ್ಲಿ ಇದಕ್ಕೆ ಬೀಗವೊಂದನ್ನು ಹೀಗೆ ಹಾಕಬಹುದು:

```
SET lock:frontpage 7f3a NX PX 10000
```

ಬೀಗವು ಮೊದಲೇ ಇಲ್ಲದಿದ್ದರೆ ಮಾತ್ರ ಹಾಕು ಎಂಬುದು `NX` ನ ಅರ್ಥ. 2000 ಮಂದಿ ಪ್ರಯತ್ನಿಸಿದರೂ ಗೆಲ್ಲುವವನು ಒಬ್ಬನೇ. ಬೀಗ ಹಾಕಿದ ಯಂತ್ರವೇ ನಡುವೆ ಕೆಟ್ಟುನಿಂತರೆ ಬೀಗ ಶಾಶ್ವತವಾಗಿ ಉಳಿಯಬಾರದಷ್ಟೆ. ಆದ್ದರಿಂದ `PX` ಅದಕ್ಕೆ 10,000 ಮಿಲಿಸೆಕೆಂಡು, ಎಂದರೆ 10 ಸೆಕೆಂಡುಗಳ ಮಿತಿ ಹಾಕುತ್ತದೆ. `7f3a` ಎಂಬುದು ಹಾಕಿದವನ ಗುರುತು. ಪ್ರತಿಸಲವೂ ಇದು ಬೇರೆಯಾಗಿರಬೇಕು. ಕೆಲಸ 10 ಸೆಕೆಂಡು ಮೀರಿದರೆ ಬೀಗ ತಾನಾಗಿ ಬಿದ್ದು, ಮತ್ತೊಬ್ಬನು ತನ್ನ ಬೀಗ ಹಾಕಿರಬಹುದು. ಗುರುತನ್ನು ನೋಡದೆ ತೆಗೆದರೆ ಮೊದಲಿನವನು ಪರರ ಬೀಗವನ್ನೇ ತೆಗೆದಂತಾಗುತ್ತದೆ.

ಸೋತವರ ಗತಿಯೇನು? ಅವರನ್ನು ಕಾಯಿಸಿದರೆ 2000 ಸಂಪರ್ಕಗಳು ತೆರೆದೇ ನಿಲ್ಲಬೇಕಾಗುತ್ತದೆ. ಅದಕ್ಕಿಂತ, 60 ಸೆಕೆಂಡು ಕಳೆದ ಪಟ್ಟಿಯನ್ನು ‘ಹಳತು’ ಎಂದು ಗುರುತಿಸಿ, ಅಳಿಸದೆ 5 ನಿಮಿಷ ಇಟ್ಟುಕೊಳ್ಳುವುದು ಮೇಲು. ಗೆದ್ದವನು ಹೊಸದನ್ನು ತರುವವರೆಗೆ ಉಳಿದವರಿಗೆ ಹಳೆಯದನ್ನೇ ಕೊಡಬಹುದು. ಎಲ್ಲವೂ ಸರಿಯಾಗಿ ನಡೆದರೆ ಓದುಗನಿಗೆ ಆಗುವ ನಷ್ಟ ಸುಮಾರು 2 ಸೆಕೆಂಡುಗಳ ಹಳಸು ಮಾತ್ರ. ಆದರೆ ಬ್ಯಾಂಕಿನ ಶಿಲ್ಕಿನಂಥ ವಿಷಯಕ್ಕೆ ಈ ಉಪಾಯ ಸಲ್ಲದು. ಸಂಗ್ರಹವು ಆಗತಾನೆ ಆರಂಭವಾಗಿ ಹಳೆಯ ಪ್ರತಿಯೇ ಇಲ್ಲದಿದ್ದರೆ ಕಾಯದೆ ಗತ್ಯಂತರವಿಲ್ಲ.

ಫೇಸ್‌ಬುಕ್ ಸಂಸ್ಥೆಯ ಎಂಜಿನಿಯರುಗಳು ತಮ್ಮ ಮೆಮ್‌ಕ್ಯಾಶ್ ವ್ಯವಸ್ಥೆಯ ಬಗ್ಗೆ 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಥದೇ ಕ್ರಮವನ್ನು ವಿವರಿಸಿದ್ದಾರೆ. ಅಲ್ಲಿ ಒಂದು ಕೀಗೆ 10 ಸೆಕೆಂಡಿಗೊಮ್ಮೆ ಮಾತ್ರ ಅನುಮತಿಚೀಟಿ ಸಿಗುತ್ತಿತ್ತು. ಉಳಿದವರಿಗೆ ತುಸು ತಡೆದು ಬರುವಂತೆ ಸೂಚನೆ ಹೋಗುತ್ತಿತ್ತು. ನೂಕುನುಗ್ಗಲಿಗೆ ಹೆಚ್ಚಾಗಿ ಈಡಾಗುತ್ತಿದ್ದ ಕೀಗಳಲ್ಲಿ ಡೇಟಾಬೇಸಿನ ಗರಿಷ್ಠ ಹೊರೆ ಸೆಕೆಂಡಿಗೆ 17,000 ಪ್ರಶ್ನೆಗಳಿಂದ 1,300ಕ್ಕೆ ಇಳಿಯಿತು. ಡೇಟಾಬೇಸಿನ ಶಕ್ತಿಯನ್ನು ಹೆಚ್ಚಿಸಿ ಅಲ್ಲ, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದನ್ನು ತಪ್ಪಿಸಿ ಪಡೆದ ಫಲವಿದು.