ತುರ್ತು ನಿಧಿ: ಎಫ್‌ಡಿ, ಆರ್‌ಡಿ, ಲಿಕ್ವಿಡ್ ಫಂಡ್

ತಿಂಗಳಿಗೆ 25,000 ರೂಪಾಯಿ ಖರ್ಚಿರುವ ಕುಟುಂಬಕ್ಕೆ ಆರು ತಿಂಗಳ ತುರ್ತು ನಿಧಿ ಎಂದರೆ 1.5 ಲಕ್ಷ ರೂಪಾಯಿ. ಇಷ್ಟು ಹಣ ಕೈಯಲ್ಲಿಲ್ಲದಿದ್ದರೆ ಆರ್‌ಡಿ ಸೂಕ್ತ. ತಿಂಗಳಿಗೆ 12,500ರಂತೆ ಕಟ್ಟಿದರೆ ವರ್ಷದಲ್ಲಿ ಅದು ಕೂಡುತ್ತದೆ. ಕೂಡಿದ್ದನ್ನು ಒಂದೇ ಎಫ್‌ಡಿಯಲ್ಲಿಟ್ಟರೆ, 40,000 ಬೇಕಾದಾಗಲೂ ಸಾಮಾನ್ಯವಾಗಿ ಇಡೀ ಠೇವಣಿಯನ್ನೇ ಅವಧಿಗೆ ಮೊದಲು ಮುರಿಯಬೇಕು. ಆಗ ಹಲವು ಬ್ಯಾಂಕುಗಳು ಬಡ್ಡಿದರದಲ್ಲಿ ಕಡಿತ ಮಾಡುತ್ತವೆ. 50,000ದ ಮೂರು ಠೇವಣಿಗಳಿದ್ದರೆ ಒಂದನ್ನು ಮುರಿದರೆ ಸಾಕು, ಉಳಿದೆರಡರ ಬಡ್ಡಿಗೆ ಧಕ್ಕೆಯಿಲ್ಲ.

ಲಿಕ್ವಿಡ್ ಫಂಡ್ 91 ದಿನಗಳೊಳಗೆ ತೀರುವ ಸಾಲಪತ್ರಗಳಲ್ಲಿ ಹಣ ಹೂಡುತ್ತದೆ. ಅದರಿಂದ ಬೇಕಾದಷ್ಟನ್ನೇ ತೆಗೆಯಬಹುದು. ಏಳನೇ ದಿನದಿಂದ ನಿರ್ಗಮನ ಶುಲ್ಕವೂ ಇಲ್ಲ. ಆದರೆ ಹಣ ಸಾಮಾನ್ಯವಾಗಿ ಕೈಸೇರುವುದು ಮುಂದಿನ ಕೆಲಸದ ದಿನ. ಬ್ಯಾಂಕ್ ಠೇವಣಿಗಿರುವ 5 ಲಕ್ಷದವರೆಗಿನ ವಿಮೆಯೂ ಇದಕ್ಕಿಲ್ಲ. ಹೀಗಾಗಿ ಕೂಡಿಸಲು ಆರ್‌ಡಿ, ಕೂಡಿದ್ದನ್ನು ಕಾಯಲು ಬಿಡಿ ಬಿಡಿ ಎಫ್‌ಡಿ, ಒಂದು ದಿನ ಕಾಯಬಹುದಾದ ಪಾಲಿಗೆ ಲಿಕ್ವಿಡ್ ಫಂಡ್ ಹೊಂದುತ್ತವೆ.