ತಲೆಯ ಅಳತೆ ಕಾಲಲ್ಲಿದೆ

ಕಳ್ಳತನದ ಸಿಸಿಟಿವಿ ದೃಶ್ಯ ಟಿವಿಯಲ್ಲಿ ಬಂದ ಕೂಡಲೇ 'ಆರೋಪಿ ಸುಮಾರು ಐದಡಿ ಎಂಟಂಗುಲ' ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಆ ಅಂಕಿಯನ್ನು ನಂಬುವ ಮುನ್ನ ಅದು ಬಂದ ದಾರಿ ನೋಡಬೇಕು.

ತಜ್ಞರು ಹೆಚ್ಚಾಗಿ ಅನುಸರಿಸುವ ಕ್ರಮ ಸರಳ. ಅದೇ ಸ್ಥಳಕ್ಕೆ ಹೋಗಿ, ಆತ ನಿಂತ ಜಾಗದಲ್ಲೇ ಅಳತೆಗೋಲು ನಿಲ್ಲಿಸಿ, ಅದೇ ಕ್ಯಾಮೆರಾದಲ್ಲಿ ಚಿತ್ರ ತೆಗೆದು, ಹಳೆಯ ದೃಶ್ಯದ ಮೇಲೆ ಕೂರಿಸಿ ನೆತ್ತಿ ಎಲ್ಲಿಗೆ ಮುಟ್ಟುತ್ತದೆಂದು ಓದುತ್ತಾರೆ. ಅಷ್ಟರಲ್ಲಿ ಕ್ಯಾಮೆರಾ ತುಸು ತಿರುಗಿದ್ದರೂ ಅಳತೆ ಕೆಡುತ್ತದೆ. ಹಾಗಾಗಿ ಬಾಗಿಲ ಚೌಕಟ್ಟು, ಟೈಲ್ಸ್ ಗೆರೆಗಳು ಎರಡೂ ಚಿತ್ರಗಳಲ್ಲಿ ಒಂದರ ಮೇಲೊಂದು ಕೂರುತ್ತವೆಯೇ ಎಂದು ಮೊದಲು ನೋಡುತ್ತಾರೆ.

ಕಷ್ಟವಿರುವುದು 'ನಿಂತ ಜಾಗ' ಗುರುತಿಸುವುದರಲ್ಲಿ. ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಕ್ಯಾಮೆರಾ ನೆಲದಿಂದ 3 ಮೀಟರ್ ಮೇಲಿದೆ, ವ್ಯಕ್ತಿ 4 ಮೀಟರ್ ದೂರದಲ್ಲಿದ್ದಾನೆ, ಅಳತೆ 172 ಸೆಂ.ಮೀ. ಬಂದಿದೆ. ಮೇಲಿನಿಂದ ಇಳಿಯುವ ದೃಷ್ಟಿರೇಖೆ ಆತನ ನೆತ್ತಿಯನ್ನು ಸವರಿ ಓರೆಯಾಗಿ ಸಾಗುತ್ತದೆ. ಕಾಲಿನ ಜಾಗವನ್ನು 10 ಸೆಂ.ಮೀ. ಹಿಂದೆ ಗುರುತಿಸಿದರೆ ಆತ 3 ಸೆಂ.ಮೀ. ಕುಳ್ಳಾಗುತ್ತಾನೆ, ಅಷ್ಟೇ ಮುಂದೆ ಗುರುತಿಸಿದರೆ ಅಷ್ಟೇ ಎತ್ತರವಾಗುತ್ತಾನೆ. ಕೌಂಟರ್ ಮರೆಯಲ್ಲಿ ಪಾದ ಕಾಣದಿದ್ದರೆ 10 ಸೆಂ.ಮೀ. ತಪ್ಪು ಏನೇನೂ ದೊಡ್ಡದಲ್ಲ. ಕ್ಯಾಮೆರಾ ತಲೆಯ ಮಟ್ಟದಲ್ಲೇ ಇದ್ದಿದ್ದರೆ ಈ ದೋಷ ಹೆಚ್ಚುಕಡಿಮೆ ಇರುತ್ತಲೇ ಇರಲಿಲ್ಲ. ದೂರ ಹೆಚ್ಚಿದಷ್ಟೂ ಓರೆ ತಗ್ಗುತ್ತದೆ ನಿಜ, ಆದರೆ ಆಗ ಚಿತ್ರದಲ್ಲಿ ಆಳು ಚಿಕ್ಕದಾಗುತ್ತಾನೆ. ಇಡೀ ದೇಹ 100 ಪಿಕ್ಸೆಲ್‌ಗೆ ಇಳಿದರೆ ಒಂದೊಂದು ಪಿಕ್ಸೆಲ್ಲೂ ಸುಮಾರು 1.7 ಸೆಂ.ಮೀ.

ಇನ್ನು ಪಾದರಕ್ಷೆ. ಕ್ಯಾಮೆರಾ ಅಳೆಯುವುದು ಮೆಟ್ಟಿನ ತಳದಿಂದ, ಠಾಣೆಯಲ್ಲಿ ಅಳೆಯುವುದು ಬರಿಗಾಲಲ್ಲಿ. ತೆಳು ಹವಾಯಿ ಚಪ್ಪಲಿ ಒಂದು ಸೆಂಟಿಮೀಟರ್ ಏರಿಸಿದರೆ, ದಪ್ಪ ಅಟ್ಟೆಯ ಶೂ ಮೂರು ನಾಲ್ಕು ಏರಿಸುತ್ತದೆ. ಮಸುಕು ದೃಶ್ಯದಲ್ಲಿ ಅಟ್ಟೆಯ ದಪ್ಪ ಕಾಣುವುದಿಲ್ಲ. ನಡಿಗೆ ಇದಕ್ಕೆ ವಿರುದ್ಧ: ಕಾಲುಗಳು ಅಗಲಿಸಿದಾಗ ತಲೆ ಕೆಲವು ಸೆಂ.ಮೀ. ತಗ್ಗುತ್ತದೆ. ಒಂದು ಕಾಲು ನೆಟ್ಟಗೆ ಊರಿ, ಇನ್ನೊಂದು ಅದರ ಪಕ್ಕ ದಾಟುವ ಕ್ಷಣದ ಫ್ರೇಮನ್ನೇ ಆರಿಸುವುದು ಅದಕ್ಕೇ. ಆಗಲೂ ತುಸು ಬಾಗಿದ ಬೆನ್ನು, ತಗ್ಗಿದ ಕತ್ತು ಲೆಕ್ಕದಲ್ಲಿರಬೇಕು.

ಈಗ ನಮ್ಮ 172ಕ್ಕೆ ಬನ್ನಿ. ಕಾಲಿನ ಜಾಗದ ಅನುಮಾನ ಅದನ್ನು 169ರಿಂದ 175 ಮಾಡುತ್ತದೆ. ಮೆಟ್ಟಿಗೆ 1ರಿಂದ 4 ಕಳೆದರೆ 165ರಿಂದ 174. ಬಾಗಿದ ನಿಲುವಿಗೆ 3 ಸೆಂ.ಮೀ.ವರೆಗೆ ಕೂಡಿದರೆ 165ರಿಂದ 177. ಎಲ್ಲ ದೋಷಗಳೂ ಒಂದೇ ಕಡೆ ವಾಲುವುದು ಅಪರೂಪ, ಆದರೂ ಒಬ್ಬರ ಸ್ವಾತಂತ್ರ್ಯದ ಪ್ರಶ್ನೆಯಿರುವಾಗ ಈ ಅಗಲವನ್ನು ಮುಚ್ಚಿಟ್ಟು ಬರಿಯ 172 ಎಂದು ವರದಿ ಬರೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಐದೂವರೆ ಅಡಿಯವನೂ ಐದಡಿ ಒಂಬತ್ತಂಗುಲದವನೂ ಈ ದೃಶ್ಯಕ್ಕೆ ಹೊಂದುತ್ತಾರೆ, ಇಬ್ಬರಲ್ಲಿ ಯಾರೆಂದು ಎತ್ತರ ಹೇಳಲಾರದು. ಆರಡಿಯ ಆಳನ್ನು ಹಿಡಿದು ತಂದಿದ್ದರೆ ಮಾತ್ರ, ಆತನಲ್ಲ ಎನ್ನಲು ಇದೇ ಅಳತೆ ಗಟ್ಟಿ ಆಧಾರ.