ಫಲಕದ ಕೆಳಗೆ ಯಾರ ಹೆಸರು?

ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ ಗುಣಮಟ್ಟದ ಪ್ರಶಸ್ತಿ ಬಂದರೆ ಫೋಟೋದಲ್ಲಿ ಫಲಕ ಹಿಡಿದಿರುವವರು ಮಾಲೀಕರೇ. ಅಡಿಬರಹವೂ ‘ತಂಡದ ಪರಿಶ್ರಮಕ್ಕೆ ಸಂದ ಗೌರವ’ ಎಂಬಲ್ಲಿಗೆ ಮುಗಿಯುತ್ತದೆ. ಇದು ವಿನಯವಲ್ಲ, ಸೋಮಾರಿತನ. ತಂಡ ಮಾಡಿದ್ದೇನು ಎಂದು ಬರೆಯಬೇಕು.

ಬೆಳಿಗ್ಗೆ ತಣ್ಣಗಿದ್ದ ಸಿಎನ್‌ಸಿ ಲೇತ್ ಬಿಸಿಯೇರುತ್ತಿದ್ದಂತೆ ಸ್ಪಿಂಡಲ್ ಹಿಗ್ಗಿ, ಅಳತೆ ಕೆಲವು ಮೈಕ್ರಾನ್ ಸರಿಯುತ್ತದೆ. ಬಿಗಿ ಅಳತೆಯ ಬಿಡಿಭಾಗವಾದರೆ ಮೊದಲ ನಾಲ್ಕಾರು ಗುಜರಿಗೇ ಹೋಗಬಹುದು. ಹಾಗಾಗಿ ಅಡಿಬರಹ ಹೀಗಿರಲಿ: ‘ಈ ಫಲಕ, ಪಾಳಿಗೆ ಮೊದಲೇ ಬಂದು ಯಂತ್ರವನ್ನು ಖಾಲಿ ಓಡಿಸಿ ಬಿಸಿ ಮಾಡುವ ಆಪರೇಟರ್‌ಗಳದ್ದು, ಮಾಲು ಕಳಿಸುವ ಅವಸರದಲ್ಲೂ ಮೈಕ್ರೋಮೀಟರ್ ಹಿಡಿದು “ಇದು ಬೇಡ” ಎಂದವರದ್ದು. ನಾವು ವೇದಿಕೆ ಹತ್ತಿದೆವು, ಅಷ್ಟೆ.’

ಜತೆಗೆ ಅವರ ಹೆಸರುಗಳನ್ನೂ ಹಾಕಿ. ಕಾಗುಣಿತ ಮಾತ್ರ ಅವರನ್ನೇ ಕೇಳಿ.